ಚಿಕ್ಕ ಸರಕು ಗಾಡಿಗೆ ಎಷ್ಟು ಹೇರಬಹುದು: ಆರ್‌.ಸಿ.ಯಿಂದ ವೇ ಬ್ರಿಡ್ಜ್‌ವರೆಗಿನ ಲೆಕ್ಕ

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ 15 ಕಿಲೊ ಬಾಕ್ಸ್‌ಗಳ ಲೆಕ್ಕದಲ್ಲಿ ಹರಾಜಾಗುತ್ತದೆ. ಅಲ್ಲಿಂದ ಬೆಂಗಳೂರಿಗೆ ಸರಕು ಒಯ್ಯುವ ಚಿಕ್ಕ ನಾಲ್ಕು ಚಕ್ರದ ಗಾಡಿಯನ್ನು ‘ಮುಕ್ಕಾಲು ಟನ್ ಗಾಡಿ’ ಎಂದು ಕರೆದರೆ, ಬಾಯಿಲೆಕ್ಕ ತಾನಾಗಿಯೇ ಮುಂದುವರಿಯುತ್ತದೆ: ಮುಕ್ಕಾಲು ಟನ್ ಎಂದರೆ 750 ಕಿಲೊ, ಅದನ್ನು 15ರಿಂದ ಭಾಗಿಸಿದರೆ 50 ಬಾಕ್ಸ್. ಈ ಭಾಗಾಕಾರದಲ್ಲಿ ತಪ್ಪಿಲ್ಲ, ಆದರೆ ಅದಕ್ಕೆ ಬಳಸಿದ ಎರಡು ಅಂಕಿಗಳೂ ತಪ್ಪು. ಅದೇ ಗಾಡಿ ಕಾನೂನಿನ ಮಿತಿಯೊಳಗೆ ನಿಶ್ಚಿಂತೆಯಿಂದ ಎಷ್ಟು ಹೊರಬಹುದು ಎಂಬುದನ್ನು ಸರಿಯಾಗಿ ಲೆಕ್ಕ ಹಾಕಿದರೆ ಉತ್ತರ 32 ಬಾಕ್ಸ್‌ಗೆ ಇಳಿಯುತ್ತದೆ. ಉಳಿದ 18 ಬಾಕ್ಸ್ ಎಲ್ಲಿ ಕರಗಿದವು ಎಂಬುದನ್ನು ಒಂದು ಮಾದರಿ ಗಾಡಿಯ ಅಂಕಿಗಳನ್ನಿಟ್ಟುಕೊಂಡು ಹಂತಹಂತವಾಗಿ ನೋಡೋಣ.

ಮೊದಲು ಗಾಡಿಯ ನೋಂದಣಿ ಪತ್ರವನ್ನು, ಅಂದರೆ ಆರ್‌.ಸಿ.ಯನ್ನು ಕೈಗೆತ್ತಿಕೊಳ್ಳಬೇಕು. ಅದರಲ್ಲಿ ನಮಗೆ ಬೇಕಾದ ಎರಡು ತೂಕಗಳಿವೆ. ಒಂದು, ಗಾಡಿ ಮತ್ತು ಅದರ ಮೇಲಿರುವ ಎಲ್ಲವೂ ಸೇರಿ ಮೀರಬಾರದ ಒಟ್ಟು ತೂಕ, ಇದನ್ನು ಜಿ.ವಿ.ಡಬ್ಲ್ಯು. ಎಂದೋ ಆರ್‌.ಎಲ್‌.ಡಬ್ಲ್ಯು. ಎಂದೋ ನಮೂದಿಸಿರುತ್ತಾರೆ. ಇನ್ನೊಂದು, ಯು.ಎಲ್‌.ಡಬ್ಲ್ಯು. ಎಂದು ಬರೆದಿರುವ ಖಾಲಿ ತೂಕ. ನಮ್ಮ ಮಾದರಿ ಗಾಡಿಯ ಆರ್‌.ಸಿ.ಯಲ್ಲಿ ಒಟ್ಟು ತೂಕ 1,550 ಕಿಲೊ, ಖಾಲಿ ತೂಕ 815 ಕಿಲೊ ಎಂದಿದೆ ಎಂದುಕೊಳ್ಳೋಣ. ಎರಡನ್ನೂ ಕಳೆದರೆ 735 ಬರುತ್ತದೆ. ಮಾರಾಟದ ವೇಳೆ ಶೋರೂಮಿನಲ್ಲಿ ಕೇಳಿದ ‘ಮುಕ್ಕಾಲು ಟನ್’ ಇದನ್ನೇ ದುಂಡಾಗಿಸಿ ಹೇಳಿದ್ದು. ಜಾಹೀರಾತಿನ ಅಂಕಿಗೆ ರಸ್ತೆಯಲ್ಲಿ ಯಾವ ಬೆಲೆಯೂ ಇಲ್ಲ. ತಪಾಸಣೆ ಮಾಡುವ ಅಧಿಕಾರಿ ನೋಡುವುದು ಆರ್‌.ಸಿ.ಯಲ್ಲಿರುವ ಒಟ್ಟು ತೂಕವನ್ನು ಮತ್ತು ವೇ ಬ್ರಿಡ್ಜ್‌ ತೋರಿಸುವ ತೂಕವನ್ನು.

ಈ 735 ಕಿಲೊ ಪೂರ್ತಿಯಾಗಿ ಸರಕಿಗೇ ಸಲ್ಲುತ್ತದೆ ಎಂದು ತಿಳಿಯುವಲ್ಲಿಯೇ ಮೊದಲ ತಪ್ಪು ಆಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನಲ್ಲಿ ಖಾಲಿ ತೂಕಕ್ಕೆ ಕೊಟ್ಟಿರುವ ವ್ಯಾಖ್ಯೆಯ ಪ್ರಕಾರ, ಕೆಲಸದ ವೇಳೆ ಗಾಡಿಯ ಜೊತೆಗೆ ಸಾಮಾನ್ಯವಾಗಿ ಇರುವ ಎಲ್ಲ ಸಲಕರಣೆಗಳ ತೂಕವೂ ಅದರಲ್ಲಿ ಸೇರಿರುತ್ತದೆ. ಆದರೆ ಚಾಲಕನ ತೂಕವಾಗಲಿ ಸಹಾಯಕನ ತೂಕವಾಗಲಿ ಸೇರಿರುವುದಿಲ್ಲ. ಹಾಗಾದರೆ ಕ್ಯಾಬಿನ್ನಿನಲ್ಲಿ ಕುಳಿತ ಇಬ್ಬರ ತೂಕ ಎಲ್ಲಿಗೆ ಹೋಗಬೇಕು? ಒಟ್ಟು ತೂಕದ ಒಳಗೇ ಹೋಗಬೇಕು, ಅಂದರೆ ಸರಕಿನ ಪಾಲಿನಿಂದಲೇ ಕಳೆಯಬೇಕು. ನಮ್ಮ ಗಾಡಿಯಲ್ಲಿ ಚಾಲಕರು 65 ಕಿಲೊ, ಜೊತೆಗಿರುವ ಹುಡುಗ 60 ಕಿಲೊ ಇದ್ದರೆ 125 ಕಿಲೊ ಅಲ್ಲಿಗೇ ಖರ್ಚಾಯಿತು. ದೊಡ್ಡ ಲಾರಿಗೆ ಇದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಚಿಕ್ಕ ಗಾಡಿಗೆ ಮಾತ್ರ ಹೊರೆಯ ಆರನೇ ಒಂದು ಭಾಗಕ್ಕೂ ಹೆಚ್ಚು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆರ್‌.ಸಿ.ಯಲ್ಲಿರುವ ಖಾಲಿ ತೂಕ ನೋಂದಣಿಯಾದ ದಿನದ ತೂಕ. ಆಮೇಲೆ ಗ್ಯಾರೇಜಿನಲ್ಲಿ ಪಕ್ಕದ ಹಲಗೆಗಳ ಮೇಲೆ ಕಬ್ಬಿಣದ ಪೈಪಿನ ಚೌಕಟ್ಟು ಬೆಸೆದಿರುತ್ತಾರೆ, ತಳಕ್ಕೆ ಇನ್ನೊಂದು ತಗಡಿನ ಹಾಳೆ ಹೊದಿಸಿರುತ್ತಾರೆ, ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚಿಗೆ ಹಾಕಿಸಿರುತ್ತಾರೆ. ಆದ್ದರಿಂದ ಈಗಿನ ನಿಜವಾದ ಖಾಲಿ ತೂಕವನ್ನು ವೇ ಬ್ರಿಡ್ಜ್‌ನಲ್ಲಿಯೇ ಕಂಡುಕೊಳ್ಳಬೇಕು.

ಆ ತೂಕ ಮಾಡಿಸುವುದಕ್ಕೂ ಒಂದು ಕ್ರಮವಿದೆ. ಗಾಡಿಯನ್ನು ಹತ್ತಿಸುವ ಮೊದಲು ಯಂತ್ರದ ಅಂಕಿ ಸೊನ್ನೆಯಲ್ಲಿದೆಯೇ, ವೇದಿಕೆಯ ಮೇಲೆ ಕೆಸರು ಕಲ್ಲು ಬಿದ್ದಿಲ್ಲವೇ ಎಂದು ನೋಡಿಕೊಳ್ಳಬೇಕು. ಟ್ಯಾಂಕ್ ತುಂಬಿಸಿಕೊಂಡೇ ಹೋಗುವುದು ಒಳ್ಳೆಯದು. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುವುದರಿಂದ 30 ಲೀಟರಿನ ಟ್ಯಾಂಕ್ ಬರಿದಾಗಿದ್ದರೆ 25 ಕಿಲೊ ಕಡಿಮೆ ತೋರಿಸುತ್ತದೆ, ಮರುದಿನ ಬಂಕಿನಿಂದ ಹೊರಬರುವಾಗ ಆ 25 ಕಿಲೊ ಮತ್ತೆ ಗಾಡಿಯ ಮೇಲಿರುತ್ತದೆ. ಹೆಚ್ಚುವರಿ ಚಕ್ರ, ಜಾಕ್, ಟಾರ್ಪಾಲು, ಹಗ್ಗ, ಪ್ರತಿದಿನವೂ ಜೊತೆಗಿರುವ ಸಾಮಾನುಗಳೆಲ್ಲ ಗಾಡಿಯಲ್ಲಿಯೇ ಇರಲಿ. ನಾಲ್ಕೂ ಚಕ್ರ ವೇದಿಕೆಯ ಮೇಲೆ ಬಂದ ಮೇಲೆ ಚಾಲಕರೂ ಸಹಾಯಕರೂ ಕೆಳಗಿಳಿದು, ವೇದಿಕೆಯಿಂದ ಆಚೆ ನಿಂತು, ಅಂಕಿ ಸ್ಥಿರವಾದಾಗ ಚೀಟಿ ತೆಗೆದುಕೊಳ್ಳಬೇಕು.

ನಮ್ಮ ಮಾದರಿ ಗಾಡಿಯ ಚೀಟಿಯಲ್ಲಿ 860 ಕಿಲೊ ಬಂದಿತು ಎನ್ನೋಣ. ಆರ್‌.ಸಿ.ಗಿಂತ 45 ಕಿಲೊ ಹೆಚ್ಚು. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಮಾತಿದೆ. ಕಾಯ್ದೆಯ 113ನೇ ಕಲಮು ಒಟ್ಟು ತೂಕ ಮೀರುವುದನ್ನು ಮಾತ್ರ ನಿಷೇಧಿಸಿಲ್ಲ. ಗಾಡಿಯ ಖಾಲಿ ತೂಕ ಆರ್‌.ಸಿ.ಯಲ್ಲಿ ನಮೂದಾದ ಖಾಲಿ ತೂಕವನ್ನು ಮೀರಿದ್ದರೂ ಅದನ್ನು ಓಡಿಸಬಾರದು ಎಂದು ಹೇಳುತ್ತದೆ. ಅಂದರೆ ಒಂದು ಬಾಕ್ಸ್ ಕೂಡ ಹೇರದೆ ನಿಂತಿರುವ ಗಾಡಿಯೇ ಕಾನೂನು ಮೀರಿರಬಹುದು. ಹಾಗಾಗಿ ಬೆಸೆದ ಚೌಕಟ್ಟನ್ನು ತೆಗೆಸಬೇಕು, ಇಲ್ಲವೇ ಆ ಮಾರ್ಪಾಡಿಗೆ ಅನುಮತಿ ಸಿಗುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಸಿಕ್ಕರೆ ಹೊಸ ಖಾಲಿ ತೂಕವನ್ನು ಆರ್‌.ಸಿ.ಯಲ್ಲಿ ಬರೆಸಿಕೊಳ್ಳಬೇಕು. ಖಾಲಿ ತೂಕ ಏರಿತೆಂದು ಒಟ್ಟು ತೂಕ ಏರುವುದಿಲ್ಲ ಎಂಬುದನ್ನು ಮರೆಯಬಾರದು. ಗಾಡಿಗೆ ಸೇರಿದ ಪ್ರತಿ ಕಿಲೊ ಕಬ್ಬಿಣವೂ ಸರಕಿನ ಒಂದು ಕಿಲೊವನ್ನು ನುಂಗುತ್ತದೆ. ಸ್ಪ್ರಿಂಗಿಗೆ ಪ್ಲೇಟ್ ಹಾಕಿಸಿದರೆ ಹೊರುವ ಶಕ್ತಿ ಹೆಚ್ಚಿತು ಎಂಬ ನಂಬಿಕೆ ಈ ಲೆಕ್ಕದಲ್ಲಿ ತಲೆಕೆಳಗಾಗುತ್ತದೆ: ಗಾಡಿ ಬಾಗುವುದು ಕಡಿಮೆಯಾಗಬಹುದು, ಆದರೆ ಬ್ರೇಕು, ಟೈರು, ಆಕ್ಸಲ್ ಹಳೆಯವೇ, ಒಟ್ಟು ತೂಕದ ಮಿತಿಯೂ ಹಳೆಯದೇ; ಕಡಿಮೆಯಾಗುವುದು ಪ್ಲೇಟಿನ ತೂಕದಷ್ಟು ಸರಕು ಮಾತ್ರ. ಬಾಗದೆ ನಿಂತ ಗಾಡಿಯನ್ನು ನೋಡಿ ‘ಇನ್ನೂ ತಡೆಯುತ್ತದೆ’ ಎನ್ನುವ ಮಾಲೀಕರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.

ಮಾಲೀಕರು ಹೊಸ 860 ಕಿಲೊ ತೂಕವನ್ನು ಆರ್‌.ಸಿ.ಯಲ್ಲಿ ದಾಖಲಿಸಿಕೊಂಡಿದ್ದಾರೆ ಎಂದು ಇಟ್ಟುಕೊಂಡು ಮುಂದುವರಿಯೋಣ. 1,550ರಿಂದ 860 ಕಳೆದರೆ 690. ಇಬ್ಬರ 125 ಕಿಲೊ ಕಳೆದರೆ 565. ಇಷ್ಟನ್ನೂ ತುಂಬಿಬಿಡಬಹುದೇ ಎಂದರೆ, ನನ್ನ ಅಭಿಪ್ರಾಯದಲ್ಲಿ ಬೇಡ. ಲಾರಿಗಳನ್ನು ತೂಗುವ ದೊಡ್ಡ ವೇ ಬ್ರಿಡ್ಜ್‌ಗಳು ಸಾಮಾನ್ಯವಾಗಿ ಹತ್ತು ಕಿಲೊದಷ್ಟು ಅಂತರದ ಅಂಕಿಗಳನ್ನೇ ತೋರಿಸುತ್ತವೆ. 1,553 ಎಂಬುದು ಒಂದು ಕಡೆ 1,550 ಎಂದೂ ಇನ್ನೊಂದು ಕಡೆ 1,560 ಎಂದೂ ಕಾಣಿಸಬಹುದು. ಮಳೆ ಬಿದ್ದರೆ ಟಾರ್ಪಾಲು ನೀರು ಕುಡಿಯುತ್ತದೆ, ಹಲಗೆಯ ಸಂದಿಯಲ್ಲಿ ಮಣ್ಣು ಸೇರುತ್ತದೆ. ಇವಕ್ಕೆಂದು 25 ಕಿಲೊ ಬಿಟ್ಟರೆ 540 ಕಿಲೊ ಉಳಿಯುತ್ತದೆ. ಈ ಗಾಡಿ ನಿಶ್ಚಿಂತೆಯಿಂದ ಹೊರಬಹುದಾದ ಸರಕಿನ ತೂಕ ಇದು.

ಇನ್ನು ಸರಕಿನ ಕಡೆಯ ಲೆಕ್ಕ. ‘15 ಕಿಲೊ ಬಾಕ್ಸ್’ ಎಂಬುದು ವ್ಯಾಪಾರದ ಮಾತು. ಅದು ಹಣ್ಣಿನ ತೂಕ, ಪ್ಲಾಸ್ಟಿಕ್ ಕ್ರೇಟಿನ ತೂಕ ಅದರಲ್ಲಿಲ್ಲ. ತುಂಬಿದ ಹತ್ತು ಕ್ರೇಟುಗಳನ್ನು ಮಂಡಿಯ ತಕ್ಕಡಿಯ ಮೇಲೆ ಒಟ್ಟಿಗೆ ಇಟ್ಟು, ಬಂದ ತೂಕವನ್ನು ಹತ್ತರಿಂದ ಭಾಗಿಸಿಕೊಳ್ಳುವುದು ಸುಲಭದ ದಾರಿ. ನಮ್ಮ ಉದಾಹರಣೆಯಲ್ಲಿ ಹತ್ತಕ್ಕೆ 168 ಕಿಲೊ ಬಂದರೆ ಒಂದು ಕ್ರೇಟ್ 16.8 ಕಿಲೊ. 540ನ್ನು 16.8ರಿಂದ ಭಾಗಿಸಿದರೆ 32ಕ್ಕಿಂತ ತುಸು ಹೆಚ್ಚು, ಅಂದರೆ 32 ಕ್ರೇಟ್. ಬಾಯಿಲೆಕ್ಕದಂತೆ 50 ಹೇರಿದ್ದರೆ ಸರಕೇ 840 ಕಿಲೊ ಆಗುತ್ತಿತ್ತು. ಗಾಡಿ ಮತ್ತು ಜನ ಸೇರಿ 1,825 ಕಿಲೊ, ಮಿತಿಗಿಂತ 275 ಕಿಲೊ ಹೆಚ್ಚು.

275 ಕಿಲೊ ಕಾಲು ಟನ್‌ನ ಆಸುಪಾಸು ಮಾತ್ರ ಎಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಕಲಮಿನಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ ದಂಡವಿದೆ. ಅದರ ಮೇಲೆ ಹೆಚ್ಚುವರಿ ಭಾರದ ಪ್ರತಿ ಟನ್ನಿಗೆ 2,000 ರೂಪಾಯಿ. ಮಿತಿ ಮೀರಿದ್ದು ಚಿಕ್ಕ ಗಾಡಿಯಾದರೂ ದೊಡ್ಡ ಲಾರಿಯಾದರೂ ಮೊದಲ 20,000 ಒಂದೇ. ಹೆಚ್ಚಿನ ಭಾರವನ್ನು ಇಳಿಸುವ ಖರ್ಚು ಗಾಡಿಯವರದೇ, ಇಳಿಸುವ ತನಕ ಗಾಡಿ ಕದಲುವಂತಿಲ್ಲ. ಬಿಸಿಲಿನಲ್ಲಿ ರಸ್ತೆಬದಿಗೆ ಇಳಿಸಿದ ಟೊಮೆಟೊ ಕೆಟ್ಟರೆ ಅದಕ್ಕೂ ಅವರೇ ಹೊಣೆ. ತೂಕಕ್ಕೆ ಒಪ್ಪದೆ ಗಾಡಿ ನಿಲ್ಲಿಸದೆ ಹೋದರೆ ಅಥವಾ ತೂಗುವ ಮುನ್ನ ಸರಕು ಇಳಿಸಿದರೆ ದಂಡ 40,000 ರೂಪಾಯಿ. ಒಟ್ಟು ತೂಕ 3,000 ಕಿಲೊ ದಾಟದ ಸರಕು ಗಾಡಿಗಳಿಗೆ ಪರ್ಮಿಟ್ ಬೇಕಿಲ್ಲ ಎಂಬುದು ನಿಜ. ಆದರೆ ಅದನ್ನೇ ತೂಕದ ನಿಯಮದಿಂದಲೂ ವಿನಾಯಿತಿ ಎಂದು ತಿಳಿದವರಿದ್ದಾರೆ. ಅಂತಹ ವಿನಾಯಿತಿ ಇಲ್ಲ.

ಹೇರಿದ ಮೇಲೆ ಒಮ್ಮೆಯಾದರೂ ಗಾಡಿಯನ್ನು ಮತ್ತೆ ವೇ ಬ್ರಿಡ್ಜ್‌ಗೆ ಒಯ್ಯಬೇಕು, ಮತ್ತು ಈ ಸಲ ಇಬ್ಬರೂ ಕ್ಯಾಬಿನ್ನಿನಲ್ಲಿಯೇ ಕುಳಿತಿರಬೇಕು. ಚೀಟಿಯಲ್ಲಿ ಒಟ್ಟು ತೂಕದ ಗ್ರಾಸ್, ಖಾಲಿ ಗಾಡಿಯ ಟೇರ್, ಅವೆರಡರ ವ್ಯತ್ಯಾಸವಾದ ನೆಟ್ ಎಂಬ ಮೂರು ಅಂಕಿಗಳಿರುತ್ತವೆ. ವ್ಯಾಪಾರಿಯ ಕಣ್ಣು ನೆಟ್ ಮೇಲಿರುತ್ತದೆ, ಹಣ ಸಿಗುವುದು ಅದಕ್ಕೆ. ಚಾಲಕರು ನೋಡಬೇಕಾದದ್ದು ಗ್ರಾಸ್ ಮಾತ್ರ, ಅದನ್ನು ಆರ್‌.ಸಿ.ಯ ಒಟ್ಟು ತೂಕದ ಪಕ್ಕದಲ್ಲಿಟ್ಟು ಹೋಲಿಸಬೇಕು. ನಮ್ಮ ಗಾಡಿಗೆ 32 ಕ್ರೇಟ್ ಹೇರಿದಾಗ ನಿಜವಾದ ತೂಕ 1,523 ಕಿಲೊದಷ್ಟಿದ್ದು, ಯಂತ್ರ 1,520 ಎಂದು ತೋರಿಸುತ್ತದೆ. ಇನ್ನೊಂದು ಕ್ರೇಟ್ ಇಟ್ಟರೆ 1,540, ಇದು ಮಿತಿಯೊಳಗೇ ಇದ್ದರೂ ನಾವು ಬಿಟ್ಟುಕೊಂಡ 25 ಕಿಲೊದಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಅದರ ಮೇಲೆ ಮತ್ತೊಂದನ್ನು ಇಟ್ಟರೆ 1,560. ಆ 34ನೇ ಕ್ರೇಟನ್ನು ಮಂಡಿಯಲ್ಲಿಯೇ ಇಳಿಸಿ ಹೊರಡಬೇಕು.