ನಾಲ್ಕನೇ ಮೇಲ್‌ಗೆ ಲೈನ್ ಸರಿಯಾಯಿತು

"ಮೇಲ್ ಯಾರು ಓದುತ್ತಾರೆ ಮಾರಾಯರೇ, ಲೈನ್‌ಮನ್ ಕೈಗೆ ಇನ್ನೂರು ಇಡಿ" ಎಂದಿದ್ದರು ಪಕ್ಕದ ಮೊಬೈಲ್ ಅಂಗಡಿಯವರು. ಇಟ್ಟೂ ನೋಡಿದ್ದೆ. ಎರಡು ದಿನ ಸರಿಯಿತ್ತು, ಮೂರನೆಯ ದಿನ ಮತ್ತೆ ಇಂಟರ್ನೆಟ್ ಕೈಕೊಡುವ ಅದೇ ಗೋಳು. ಮೂಡಿಗೆರೆಯಲ್ಲಿ ನನ್ನದು ಪಹಣಿ, ಆನ್‌ಲೈನ್ ಅರ್ಜಿಗಳ ಅಂಗಡಿ. 100 ಎಂಬಿಪಿಎಸ್ ಫೈಬರ್‌ಗೆ ತೆರಿಗೆ ಸೇರಿ ತಿಂಗಳಿಗೆ ಸುಮಾರು ₹940 ಕಟ್ಟುತ್ತೇನೆ.

ಮೊದಲ ಮೂರು ಮೇಲ್ ನೀರಿನಲ್ಲಿ ಹೋಮ. "ನೆಟ್ ತುಂಬಾ ನಿಧಾನ, ಪದೇ ಪದೇ ಹೋಗುತ್ತದೆ" ಎಂದು ಬರೆದೆ. ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳಿ ದೂರು ಮುಚ್ಚಿದರು. ರೂಟರ್‌ನದ್ದೇ ದೋಷವೆಂಬ ಅವರ ಮಾತು ನಂಬಿ ಹೊಸ ರೂಟರ್‌ಗೆ ₹2,800 ಸುರಿದೆ, ಅದೂ ದಂಡ. ಮೂರನೆಯ ಬಾರಿ "ನಿಮ್ಮ ಪರೀಕ್ಷೆ ವೈಫೈನಲ್ಲಿ ನಡೆದಿದೆ" ಎಂದು ತಳ್ಳಿಹಾಕಿದರು. ಅದು ಮಾತ್ರ ನಿಜ.

ಆಮೇಲೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ಫೈಬರ್ ಬಂದು ಸೇರುವ ಡಬ್ಬಿಗೆ ಜೋಡಿಸಿ, ಉಳಿದ ಸಾಧನಗಳನ್ನೆಲ್ಲ ಬಿಡಿಸಿ, ಹತ್ತು ಹನ್ನೆರಡು ದಿನ ಬೆಳಿಗ್ಗೆ ಆರಕ್ಕೂ ರಾತ್ರಿ ಎಂಟಕ್ಕೂ ಒಂದೇ ಸರ್ವರ್‌ನಲ್ಲಿ ವೇಗ ಅಳೆದೆ. ಬ್ರೌಸರ್‌ನಲ್ಲಿ ತೆರೆಯುವ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಕಾಣುವ ಬೆಳಕಿನ ಸಿಗ್ನಲನ್ನೂ ಪಕ್ಕದಲ್ಲೇ ಬರೆದಿಟ್ಟೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕ್ಷೀಣ. ಪುಸ್ತಕ ತಿರುವಿದಾಗ ಕಂಡದ್ದು ಒಂದಲ್ಲ, ಎರಡು ಕಾಯಿಲೆ. ಗಾಳಿಮಳೆ ಬಂದಾಗ ಸಿಗ್ನಲ್ ಮೈನಸ್ 21ರಿಂದ ಮೈನಸ್ 28ಕ್ಕೆ ಕುಸಿದು ಕೆಂಪು ದೀಪ ಹತ್ತುತ್ತಿತ್ತು: ಅದು ತಂತಿಯ ದೋಷ. ರಾತ್ರಿ ಎಂಟಕ್ಕೆ ಸಿಗ್ನಲ್ ಮೈನಸ್ 21ರಲ್ಲೇ ಇದ್ದರೂ ವೇಗ 11 ಎಂಬಿಪಿಎಸ್‌ಗೆ ಇಳಿಯುತ್ತಿತ್ತು: ಅದು ದಟ್ಟಣೆ.

ಕುತೂಹಲಕ್ಕೆ ರಾತ್ರಿಯೇ ಕಂಪನಿಯ ಸ್ವಂತ ಸರ್ವರ್‌ಗೂ ಅಳೆದೆ. ಅಲ್ಲಿ 85, ಬೆಂಗಳೂರಿನ ಬೇರೆ ಸರ್ವರ್‌ಗೆ 11! ಅಂದರೆ ನನ್ನ ಅಂಗಡಿಯಿಂದ ಅವರವರೆಗಿನ ದಾರಿ ಸರಿಯಿದೆ, ಅವರಿಂದ ಹೊರಗೆ ಹೋಗುವ ದಾರಿ ಇಕ್ಕಟ್ಟು. ಈ ಒಂದು ಸಾಲಿಗೆ ಅವರಲ್ಲಿ ಉತ್ತರವಿರಲಿಲ್ಲ.

ಎರಡನ್ನೂ ಒಂದೇ ಮೇಲ್‌ನಲ್ಲಿ ಕಲಸಿದ್ದೇ ಹಿಂದಿನ ತಪ್ಪು. ಎರಡು ದೂರು ಸಂಖ್ಯೆ ಪಡೆದು ಎರಡು ಮೇಲ್ ಬರೆದೆ. ಮೊದಲನೆಯದು ಹೀಗಿತ್ತು:

"ಜುಲೈ 8, ಮಧ್ಯಾಹ್ನ 3.10ರಿಂದ 5.45ರವರೆಗೆ ಸಂಪರ್ಕವಿಲ್ಲ, ಕೆಂಪು ದೀಪ. ಜುಲೈ 11, ಬೆಳಿಗ್ಗೆ 9.20ರಿಂದ 1.00ರವರೆಗೆ ಅದೇ. ಕಡಿತಕ್ಕೆ ಮುನ್ನ ಸಿಗ್ನಲ್ ಮೈನಸ್ 28. ಕಂಬದಿಂದ ಅಂಗಡಿವರೆಗಿನ ಫೈಬರ್ ಮತ್ತು ಜೋಡಣೆ ಪರೀಕ್ಷಿಸಿ, ಆದ ನಂತರದ ಸಿಗ್ನಲ್ ಅಂಕಿಯನ್ನು ಬರೆದು ತಿಳಿಸಿ."

ಕೊನೆಯ ಬೇಡಿಕೆ ಮುಖ್ಯ. ಅಂಕಿ ಕೇಳಿದರೆ ದೂರನ್ನು ಸುಮ್ಮನೆ ಮುಚ್ಚುವುದು ಅಷ್ಟು ಸುಲಭವಲ್ಲ. ಯಾರನ್ನು ಪ್ರತಿಯಲ್ಲಿ ಸೇರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಮೂರನೆಯ ದಿನ ಬಂದ ಹುಡುಗ ತೋಟದಂಚಿನ ಸಿಲ್ವರ್ ಓಕ್ ಕೊಂಬೆಗೆ ಉಜ್ಜಿ ಮಡಚಿಕೊಂಡಿದ್ದ ಫೈಬರನ್ನು ತೋರಿಸಿದ. ಹೊಸದಾಗಿ ಬೆಸೆದ ಮೇಲೆ ಸಿಗ್ನಲ್ ಮೈನಸ್ 20.

ದಟ್ಟಣೆಯ ದೂರನ್ನು ಮಾತ್ರ "ಪರಿಹರಿಸಲಾಗಿದೆ" ಎಂದು ಸುಮ್ಮನೆ ಮುಚ್ಚಿದರು. ಮುಚ್ಚಿದ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕವಿಲ್ಲ. ವೇಗ ಬರೆದಿಟ್ಟ ಪಟ್ಟಿಯನ್ನು ಲಗತ್ತಿಸಿ ಕಳುಹಿಸಿದೆ. ತಿಂಗಳು ಹಿಡಿಯಿತು. ಬಿಲ್‌ನಲ್ಲಿ ₹300 ಚಿಲ್ಲರೆ ಕಳೆದರು, ರಾತ್ರಿ ಎಂಟರ ವೇಗ ಈಗ 75ರ ಆಸುಪಾಸು. ಭಾನುವಾರ ಮಾತ್ರ 50ಕ್ಕೆ ಇಳಿಯುತ್ತದೆ. ಆ ಅಂಕಿಗಳನ್ನೂ ಬರೆದಿಡುತ್ತಿದ್ದೇನೆ.