ಜಪಾನೀಸ್ ಕಲಿಯಲು ಕನ್ನಡವನ್ನೇ ಹಿಡಿದೆ

ಹಾಸನದ ಕಾರ್ಖಾನೆಯಿಂದ ಜಪಾನಿನ ಐಚಿ ಪ್ರಾಂತ್ಯಕ್ಕೆ ಕೆಲಸಕ್ಕೆ ಹೊರಟಾಗ ನನ್ನ ಕೈಯಲ್ಲಿದ್ದದ್ದು ಇಂಗ್ಲಿಷಿನವರಿಗಾಗಿ ಬರೆದ ಪಠ್ಯಪುಸ್ತಕ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯಂಥದ್ದು ನಾಮಪದದ ಹಿಂದೆ ಅಂಟುತ್ತದೆ ಎಂದು ಅದು ಪುಟಗಟ್ಟಲೆ ಹೆದರಿಸುತ್ತಿತ್ತು. ಕನ್ನಡಿಗರಿಗೆ ಅದರಲ್ಲಿ ಹೆದರುವುದೇನಿದೆ? ಆ ಪುಟಗಳನ್ನೆಲ್ಲ ಬಿಟ್ಟು, ಮೊದಲ ತಿಂಗಳುಗಳನ್ನು ನಾನು ಒಂದೇ ರೂಪಕ್ಕೆ ಮೀಸಲಿಟ್ಟೆ: 'ತೆ' ರೂಪ.

ಇದು ನಮ್ಮ 'ಬರೆದು, ತಿಂದು, ಮಾಡಿ'ಗಳ ಸೋದರ. 'ಕಕು' ಎಂದರೆ ಬರೆಯುವುದು, 'ಕಯಿತೆ' ಎಂದರೆ ಬರೆದು. 'ನೊಮು' ಎಂದರೆ ಕುಡಿಯುವುದು, 'ನೊಂದೆ' ಎಂದರೆ ಕುಡಿದು. ನಮ್ಮ ಬೀಳು 'ಬಿದ್ದು' ಆಗುವಂತೆ ಅಲ್ಲಿಯೂ ರೂಪ ಬದಲಾಗುತ್ತದೆ. ಹಾಗಾಗಿ ನಿಯಮಕ್ಕಿಂತ ಬಾಯಿಪಾಠವೇ ಲೇಸು. ಕಾರ್ಖಾನೆಯಲ್ಲಿ ದಿನವೂ ಕೇಳುವ ಕ್ರಿಯಾಪದಗಳನ್ನು ಜೋಡಿಯಾಗಿ ಬರೆದು ಬಸ್ಸಿನಲ್ಲಿ ಗುನುಗುತ್ತಿದ್ದೆ.

ಹೊಸ ಯಂತ್ರದ ಮುಂದೆ ನಿಂತು ಹಿರಿಯ ಕೆಲಸಗಾರನಿಗೆ ನಾನು ಹೇಳಬೇಕಾದದ್ದು ಇಷ್ಟೇ: 'ಯತ್ತೆ ಮಿಸೆತೆ ಕುದಸಾಯ್'. ಮಾಡಿ, ತೋರಿಸಿ, ಕೊಡಿ. ಒಂದೊಂದು ಪದವೂ ನಮ್ಮ ಕ್ರಮದಲ್ಲೇ ಬರುತ್ತದೆ. 'ತಿಂದು ನೋಡುತ್ತೇನೆ' ಎಂಬುದು 'ತಬೆತೆ ಮಿಮಸ್', ಅಲ್ಲಿಯೂ ನೋಡುವ ಕ್ರಿಯಾಪದವೇ. ಪುಸ್ತಕ ಇದನ್ನು ಕೊನೆಯ ಪಾಠಗಳಿಗೆ ತಳ್ಳಿತ್ತು.

'ತೆ' ರೂಪದಿಂದಲೇ ಶುರು ಮಾಡಲು ಇನ್ನೊಂದು ಕಾರಣವೂ ಇದೆ. ತರಗತಿಯಲ್ಲಿ ಎಲ್ಲರೂ ವಿನಯದ 'ಮಸ್' ಹಚ್ಚಿ ಮಾತನಾಡುತ್ತಾರೆ, ಆದರೆ ಕೆಲಸದ ಗಡಿಬಿಡಿಯಲ್ಲಿ ಬರಿಯ 'ತೆ' ರೂಪವೇ ಆಜ್ಞೆಯಾಗುತ್ತದೆ. 'ತೊಮೆತೆ' ಎಂದು ಕೂಗಿದರೆ ಯಂತ್ರ ನಿಲ್ಲಿಸಬೇಕು. 'ಮತ್ತೆ' ಎಂದರೆ ತಡೆ, ಕಾಯಿ ಎಂದು. ಇನ್ನೊಮ್ಮೆ ಮಾಡು ಎಂದಲ್ಲ! ಉತ್ತರಿಸುವಾಗ ಮಾತ್ರ ನಾನು 'ಮಸ್' ಬಿಡಲಿಲ್ಲ. ಹೊಸಬನ ಬಾಯಲ್ಲಿ ಅದೇ ಶೋಭಿಸುತ್ತದೆ.

ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲಿ ಬರೆದುಕೊಳ್ಳಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಕತ್ತರಿಸಿ. ಒತ್ತಕ್ಷರ ಬಲ್ಲ ಕಿವಿಗೆ ಇದು ಕಷ್ಟವೇ ಅಲ್ಲ. ಹ್ರಸ್ವ, ದೀರ್ಘಗಳೂ ಹಾಗೆಯೇ.

ಕನ್ನಡ ಕೈಕೊಡುವ ಜಾಗವೂ ಇದೆ. ನಮಗೆ 'ಅಲ್ಲಿ' ಒಂದೇ. ಜಪಾನೀಸಿನಲ್ಲಿ ಕೆಲಸ ನಡೆಯುವ ಜಾಗಕ್ಕೆ 'ದೆ', ಸುಮ್ಮನೆ ಇರುವ ಜಾಗಕ್ಕೆ 'ನಿ'. ಕಚೇರಿಯಲ್ಲಿ ಊಟ ಮಾಡಿದರೆ 'ದೆ', ಕಚೇರಿಯಲ್ಲಿ ಇದ್ದರೆ 'ನಿ'. ತಪ್ಪಿದರೂ ಅರ್ಥವಾಗುತ್ತದೆ. ಎದುರಿನವರು ನಿಮ್ಮ ವಾಕ್ಯವನ್ನೇ ಸರಿಪಡಿಸಿ ಮರಳಿ ಹೇಳಿದರೆ ಜಾರಿದ್ದೀರಿ ಎಂದು ತಿಳಿಯಿರಿ.

ಈಗ ಚಿಕ್ಕಪ್ಪನ ಮಗ ಹೊರಟಿದ್ದಾನೆ. "ಅಣ್ಣ, ಕಾಂಜಿ ಎಷ್ಟು ಕಲಿತು ಹೋಗಲಿ?" ಎಂದು ಚೀನೀ ಮೂಲದ ಆ ಪದಚಿಹ್ನೆಗಳ ಬಗ್ಗೆ ಕೇಳಿದ. ಉಚ್ಚಾರಣೆಯನ್ನು ಬರೆಯುವ ಲಿಪಿಗಳಾದ ಹಿರಗಾನ, ಕತಕಾನ ಎರಡರ ತಲಾ 46 ಮೂಲಾಕ್ಷರಗಳು ಬಂದರೆ ಸದ್ಯಕ್ಕೆ ಸಾಕು, ಕಾಂಜಿಯಲ್ಲಿ ಅಪಾಯ, ನಿಷೇಧ, ತುರ್ತು ನಿರ್ಗಮನ ಗುರುತಿಸಿದರೆ ಆಯಿತು, ಉಳಿದದ್ದನ್ನು ಅಲ್ಲಿಯೇ ಕಲಿ ಎಂದೆ.