ದೊಡ್ಡಮ್ಮನ ವಾಯ್ಸ್ ನೋಟಲ್ಲಿರೋ ‘ಅಂತೆ’ ಕಳ್ಕೊಳ್ದೆ ಬರ್ಕೊಳ್ಳೋದು ಹೇಗೆ

ನಮ್ಮಮ್ಮನ ಅಕ್ಕ, ಅಂದ್ರೆ ನನ್ನ ದೊಡ್ಡಮ್ಮ, 84 ವರ್ಷ, ಸಾಗರದ ಕಡೆಯವರು, ಶರಾವತಿ ಮುಳುಗಡೆಯಲ್ಲಿ ಗಂಡನ ಮನೆ ಊರು ಕಳ್ಕೊಂಡವರು. ಹೋದ ವರ್ಷ ಒಂದಿನ ಮೊಮ್ಮಗಳ ಫೋನಿಂದ 17 ನಿಮಿಷದ ವಾಯ್ಸ್ ನೋಟ್ ಕಳ್ಸಿದ್ರು. ಫ್ಯಾಮಿಲಿ ಗ್ರೂಪಲ್ಲಿ ಎಲ್ರೂ ಹಾರ್ಟ್ ಒತ್ತಿದ್ರು, ಪೂರ್ತಿ ಕೇಳಿದವ್ರು ಮೂರ್ನಾಲ್ಕು ಜನ ಇರ್ಬೋದು, ಅದಕ್ಕೇ ನನ್ನ ಕಸಿನ್ ಒಬ್ಬ ನಾಲ್ಕು ಸಾಲಲ್ಲಿ ಸಾರಾಂಶ ಬರ್ದು ಹಾಕ್ದ. ಓದೋಕೆ ಚೆನ್ನಾಗೇ ಇತ್ತು, ಆದ್ರೆ ಅದ್ರಲ್ಲಿ ದೊಡ್ಡಮ್ಮ ಹೇಳದೇ ಇರೋದು ನಾಲ್ಕಿತ್ತು. ಅದನ್ನ ಸರಿ ಮಾಡೋಕೆ ಕೂತಾಗ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ಮನೆಯವ್ರ ಹೆಸರು ಮಾತ್ರ ಬದಲಾಯಿಸಿದೀನಿ.

ಮೊದಲು ಆಡಿಯೋ ಎತ್ತಿಡಿ

ಆಂಡ್ರಾಯ್ಡ್ ಫೋನಲ್ಲಿ ವಾಟ್ಸಾಪ್ ವಾಯ್ಸ್ ನೋಟು PTT-20250412-WA0003.opus ಅನ್ನೋ ಥರದ ಹೆಸರಲ್ಲಿ ಕೂತಿರುತ್ತೆ, ಆರು ತಿಂಗಳು ಬಿಟ್ಟು ಹುಡುಕಿದ್ರೆ ಅದು ಯಾರದ್ದು ಅಂತ ದೇವ್ರಿಗೇ ಗೊತ್ತು. ಶೇರ್ ಒತ್ತಿ ಡ್ರೈವ್‌ಗೋ ಮೇಲ್‌ಗೋ ಹಾಕಿ, ಯಾರು ಮಾತಾಡಿದ್ದು, ಯಾವತ್ತು ಅಂತ ಫೈಲ್ ಹೆಸರಲ್ಲೇ ಬರೀರಿ. ಆಮೇಲೆ ಒಂದ್ಸಲ ಏನೂ ಬರ್ಕೊಳ್ದೆ ಪೂರ್ತಿ ಕೇಳಿ, 1.5 ಸ್ಪೀಡಲ್ಲಿ ಅಲ್ಲ, ಇರೋ ಸ್ಪೀಡಲ್ಲೇ. ಹಿರಿಯರು ಮಾತಿನ ಮಧ್ಯ ನಿಲ್ಲಿಸೋದಕ್ಕೂ ಒಂದು ಅರ್ಥ ಇರುತ್ತೆ, ಕೆಲವು ಸಲ ಹೆಸರು ನೆನಪು ಮಾಡ್ಕೊತಿರ್ತಾರೆ, ಕೆಲವು ಸಲ ಹೇಳ್ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ತಿರ್ತಾರೆ.

ಎರಡನೇ ಸಲ ಕೇಳುವಾಗ ನಿಮಿಷ ಸೆಕೆಂಡ್ ಹಾಕ್ಕೊಂಡು ಒಂದೊಂದು ಸಾಲು ಬರೀರಿ. 02:10 ಮದುವೆ, 04:40 ಮುಳುಗಡೆ, 07:05 ಮತ್ತೆ ಮದುವೆ, ಹೀಗೆ. ದೊಡ್ಡಮ್ಮ ಒಂದೇ ಕತೆಗೆ ಮೂರು ಸಲ ವಾಪಸ್ ಬಂದ್ರು, ಒಂದೊಂದ್ಸಲ ಒಂದೊಂದು ಹೊಸ ವಿಷ್ಯ ಸೇರಿಸಿದ್ರು, ಎರಡು ಸಲ ಬೇರೆ ಬೇರೆ ಥರ ಹೇಳಿದ್ದೂ ಇದೆ. ಟೈಮ್ ಬರ್ದಿದ್ರೆ ಅವೆಲ್ಲ ಒಂದೇ ಕಡೆ ಕಾಣ್ಸುತ್ತೆ, ಇಲ್ಲಾಂದ್ರೆ ಕೊನೇಲಿ ಹೇಳಿದ್ದೇ ನಿಜ ಅಂತ ನಮ್ಮ ತಲೇಲಿ ಕೂತ್ಬಿಡುತ್ತೆ.

ಹೆಸರು: ಕೇಳಿದ ಹಾಗೇ, ನಾಚ್ಕೊಳ್ದೆ

ಒಂದು ಹಾಳೇಲಿ ಹೆಸರಿನ ಪಟ್ಟಿ ಮಾಡಿ. ಒಂದೊಂದು ಹೆಸರಿನ ಎದುರು ದೊಡ್ಡಮ್ಮಂಗೆ ಏನಾಗ್ಬೇಕು, ನಿಮಗೆ ಏನಾಗ್ಬೇಕು, ಎಷ್ಟನೇ ನಿಮಿಷದಲ್ಲಿ ಬಂತು ಅಂತ ಬರೀರಿ. ಅವರ ಬಾಯಲ್ಲಿ ಬಂದ ಉಚ್ಚಾರಣೇನೇ ಬರೀರಿ, ಶುದ್ಧ ಮಾಡೋಕೆ ಹೋಗ್ಬೇಡಿ, ‘ಸೀನ’ ಅಂದ್ರೆ ಸೀನ, ಶ್ರೀನಿವಾಸ ಅಂತ ಬೇಕಾದ್ರೆ ಪಕ್ಕದಲ್ಲಿ ಬರ್ಕೊಳ್ಳಿ.

ನನ್ನ ಕಸಿನ್ ತಿಪ್ಪಣ್ಣ ಅನ್ನೋ ಹೆಸರನ್ನ ಬಿಟ್ಟೇ ಬಿಟ್ಟಿದ್ದ, ಕೇಳಿದ್ರೆ ‘ಅದು ಅಡ್ಡಹೆಸರು ಇರ್ಬೇಕು, ಗ್ರೂಪಲ್ಲಿ ಹಾಕೋಕೆ ಚೆನ್ನಾಗಿರಲ್ಲ’ ಅಂದ. ಅಡ್ಡಹೆಸರಲ್ಲ ಅದು. ಹುಟ್ಟಿದ ಮಕ್ಕಳು ಉಳೀತಿಲ್ಲ ಅಂದಾಗ ಮುಂದಿನ ಮಗೂನ ತಿಪ್ಪೆ ಮೇಲೆ ಉರುಳಿಸಿ ತಿಪ್ಪ, ತಿಪ್ಪಮ್ಮ ಅಂತ ಹೆಸರಿಡೋದು, ಇಲ್ಲ ಹುಚ್ಚಪ್ಪ ಅಂತ ಕರೆಯೋದು ಹಿಂದೆ ಇತ್ತು, ಕೆಟ್ಟ ಹೆಸರಿಟ್ರೆ ದೃಷ್ಟಿ ತಾಗಲ್ಲ, ಸಾವು ಹತ್ರ ಬರಲ್ಲ ಅನ್ನೋ ನಂಬಿಕೆ. ಹಾಗಾಗಿ ಆ ಹೆಸರು ಕಂಡ ತಕ್ಷಣ ಅವರಿಗಿಂತ ಮುಂಚೆ ಹುಟ್ಟಿದ ಮಕ್ಕಳು ತೀರ್ಕೊಂಡಿದ್ರಾ ಅಂತ ಒಂದು ಪ್ರಶ್ನೆ ಬರ್ದಿಟ್ಕೋಬೇಕು, ಉತ್ತರ ನಾವೇ ತುಂಬ್ಕೋಬಾರ್ದು, ಯಾಕಂದ್ರೆ ಬರೀ ಅಜ್ಜನ ಹೆಸರು ಅಂತ ಇಟ್ಟಿರಲೂಬಹುದು.

ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಮನೆಗಳಲ್ಲಿ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಲ್ಲಿ ಬರುತ್ತೆ, ಅಲ್ಲಿ ‘ಹಿರಿ’ ‘ಕಿರಿ’ ಅಂತ ಗುರುತು ಹಾಕ್ಕೊಳ್ಳಿ. ಮದುವೇಲಿ ಹೆಣ್ಣಿನ ಹೆಸರು ಬದಲಾಯಿಸೋ ಮನೆ ಆದ್ರೆ ಇಬ್ರು ಅನ್ಕೊಂಡವ್ರು ಒಬ್ರೇ ಆಗಿರ್ತಾರೆ.

ಯಾವ ಅತ್ತೆ, ಯಾವ ಭಾವ

ನಾನು ಜಾಸ್ತಿ ಹೊತ್ತು ಕಳ್ದಿದ್ದು ಇಲ್ಲೇ. ದೊಡ್ಡಮ್ಮ ‘ಅತ್ತೆ’ ಅಂದ್ರೆ ಗಂಡನ ತಾಯೂ ಆಗ್ಬೋದು, ಅಪ್ಪನ ತಂಗೀನೂ ಆಗ್ಬೋದು. ಅವ್ರು ಮದುವೆ ಆಗಿದ್ದು ಸೋದರತ್ತೆ ಮಗನನ್ನೇ, ಹಂಗಾಗಿ ಒಬ್ರು ಎರಡೂ ಹೌದು, ಆದ್ರೆ ಇನ್ನೊಬ್ರು ಸಣ್ಣ ಸೋದರತ್ತೇನೂ ಇದ್ರು. ಗೊತ್ತಾಗಿದ್ದು ಕ್ರಿಯಾಪದದಿಂದ. ಕೆಲವು ಕಡೆ ‘ಅತ್ತೆ ಕೂತ್ಕಂಡ್ರು’ ಅಂತಾರೆ, ಇನ್ನು ಕೆಲವು ಕಡೆ ‘ಅತ್ತೆ ಹೋದ್ಲು’ ಅಂತಾರೆ. ಗಂಡನ ತಾಯಿಗೆ ಬಹುವಚನ, ಸಲಿಗೆ ಇದ್ದ ಸಣ್ಣತ್ತೆಗೆ ಏಕವಚನ, 17 ನಿಮಿಷದಲ್ಲಿ ಒಂದ್ಸಲಾನೂ ಅದಲು ಬದಲು ಆಗಿಲ್ಲ. ‘ಭಾವ’ನೂ ಹಂಗೇ, ಅಕ್ಕನ ಗಂಡನೋ ಗಂಡನ ಅಣ್ಣನೋ ಅಂತ ನೋಡ್ಬೇಕು.

ಸಾರಾಂಶ ಬರೆಯುವಾಗ ಒಂದು ಕಡೆಯಿಂದ ಸಂಬಂಧ ಹೇಳಿ, ಕೊನೇವರೆಗೂ ಅದನ್ನೇ ಹಿಡೀರಿ. ನಾನು ದೊಡ್ಡಮ್ಮನ ಕಡೆಯಿಂದ್ಲೇ ಬರ್ದೆ. ಅರ್ಧ ‘ಅವರ ಅತ್ತೆ’, ಅರ್ಧ ‘ನಮ್ಮ ಅಜ್ಜಿ’ ಅಂತ ಬರ್ದ್ರೆ ಓದೋರಿಗೆ ಇಬ್ರು ಬೇರೆ ಬೇರೆ ಜನ ಅನ್ಸುತ್ತೆ.

ಕಂಡಿದ್ದು, ಕೇಳಿದ್ದು, ಗೊತ್ತಿಲ್ಲದ್ದು

ಈಗ ಅವರ ಮಾತೇ ನೋಡಿ, 04:40ರಿಂದ:

‘ನಾವು ಬಿಟ್ಟಿದ್ದು ಕ್ರೋಧಿ ಸಂವತ್ಸರ, ಮಳೆಗಾಲ ಹಿಡಿಯೋಕೆ ಮುಂಚೆ. ಸೀನ ಹೊಟ್ಟೇಲಿದ್ದ. ಅತ್ತೆ ಲಾರಿ ಹತ್ಲೇ ಇಲ್ಲ, ತುಳಸಿಕಟ್ಟೆ ಹಿಡ್ಕಂಡು ಕೂತ್ಕಂಡ್ರು. ಭಾವನೋರು ಬಂದು ಎತ್ಕಂಡು ಹೋಗಿ ಕೂರ್ಸಿದ್ರು. ಎಮ್ಮೆ ಒಂದು ತಿರುಗಿ ಹಳೇ ಕೊಟ್ಟಿಗೆಗೇ ಹೋಗಿತ್ತಂತೆ, ತಿಪ್ಪಣ್ಣ ಹೇಳಿದ್ದು. ದುಡ್ಡು ಎಷ್ಟು ಬಂತೋ ನಂಗೊತ್ತಿಲ್ಲ ಮಾರಾಯ, ಗಂಡಸ್ರು ಮಾತಾಡ್ಕಂಡ್ರು.’

ಕಸಿನ್ ಬರ್ದಿದ್ದು:

‘1964ರಲ್ಲಿ ಅಣೆಕಟ್ಟಿನಿಂದ ಊರು ಮುಳುಗಿದಾಗ ಕುಟುಂಬ ಸ್ಥಳಾಂತರಗೊಂಡಿತು. ಅಜ್ಜಿ ಮನೆ ಬಿಡಲೊಪ್ಪದೆ ಕಣ್ಣೀರಿಟ್ಟರು. ಪ್ರೀತಿಯ ಎಮ್ಮೆ ಹಳೆಯ ಮನೆಗೆ ಮರಳಿತು. ಸರಿಯಾದ ಪರಿಹಾರ ಸಿಗಲಿಲ್ಲ.’

ಕಣ್ಣೀರು ಅಂತ ದೊಡ್ಡಮ್ಮ ಹೇಳೇ ಇಲ್ಲ. ಎಮ್ಮೆ ‘ಪ್ರೀತಿಯದ್ದು’ ಆಗಿದ್ದೂ ಕಸಿನ್ ಕೈಲೇ. ‘ಹೋಗಿತ್ತಂತೆ’ ಅನ್ನೋದು ‘ಮರಳಿತು’ ಆಗೋಯ್ತು, ಅಂದ್ರೆ ತಿಪ್ಪಣ್ಣ ಹೇಳಿದ್ದು ದೊಡ್ಡಮ್ಮ ಕಣ್ಣಾರೆ ಕಂಡಿದ್ದು ಆಗೋಯ್ತು. ಪರಿಹಾರದ ವಿಷ್ಯ ಇನ್ನೂ ಕಷ್ಟ, ‘ನಂಗೊತ್ತಿಲ್ಲ’ ಅನ್ನೋದನ್ನ ‘ಸಿಗಲಿಲ್ಲ’ ಅಂತ ಬರ್ದ್ರೆ ನಾಳೆ ಅದನ್ನೇ ಯಾರೋ ಮನೆ ಇತಿಹಾಸ ಅಂತ ಹೇಳ್ತಾರೆ. ಗಂಡಸ್ರು ದುಡ್ಡಿನ ಮಾತು ಹೆಂಗಸ್ರಿಗೆ ಹೇಳ್ತಿರ್ಲಿಲ್ಲ ಅನ್ನೋ ವಿಷ್ಯಾನೂ ಹೋಯ್ತು, ನಂಗೆ ಕೇಳಿದ್ರೆ ಆ ತುಣುಕಲ್ಲಿ ಅದೇ ದೊಡ್ಡದು.

ನಾವು ಬರವಣಿಗೆ ಕನ್ನಡಕ್ಕೆ ಹೋದ ತಕ್ಷಣ ಮೊದಲು ಉದುರೋದು ಈ ‘ಅಂತೆ’. ಅದಕ್ಕೆ ಒಂದು ಸುಲಭದ ಪರೀಕ್ಷೆ ಇದೆ: ಆಡಿಯೋದಲ್ಲಿ ಇರೋ ‘ಅಂತೆ’ಗಳನ್ನ ಎಣಿಸಿ, ಸಾರಾಂಶದಲ್ಲಿ ಉಳ್ಕೊಂಡ ಘಟನೆಗಳಿಗೆ ‘ಅಂತೆ’ ಉಳ್ದಿದ್ಯಾ ನೋಡಿ. ಯಾರು ಹೇಳಿದ್ದು ಅಂತ ಗೊತ್ತಿದ್ರೆ ಆ ಹೆಸರೂ ಹಾಕಿ. ನಾನು ಬರ್ದಿದ್ದು ಹೀಗೆ:

‘ಊರು ಬಿಟ್ಟಿದ್ದು ಕ್ರೋಧಿ ಸಂವತ್ಸರದಲ್ಲಿ, ಮಳೆಗಾಲಕ್ಕೆ ಮುಂಚೆ (1964ರ ಏಪ್ರಿಲ್ ಜೂನ್ ನಡುವೆ ಇರ್ಬೇಕು, ಲೆಕ್ಕ ನನ್ನದು). ದೊಡ್ಡಮ್ಮ ಆಗ ಸೀನನ ಬಸುರಿ. ಅವರ ಅತ್ತೆ, ಗಂಡನ ತಾಯಿ, ಲಾರಿ ಹತ್ತದೆ ತುಳಸಿಕಟ್ಟೆ ಹಿಡ್ಕೊಂಡು ಕೂತ್ರು, ಭಾವ, ಗಂಡನ ಅಣ್ಣ, ಎತ್ಕೊಂಡು ಹೋಗಿ ಕೂರಿಸಿದ್ರು. ಒಂದು ಎಮ್ಮೆ ಹಳೇ ಕೊಟ್ಟಿಗೆಗೇ ವಾಪಸ್ ಹೋಗಿತ್ತಂತೆ, ಇದು ತಿಪ್ಪಣ್ಣ ಹೇಳಿದ್ದು. ಪರಿಹಾರ ಎಷ್ಟು ಬಂತು ದೊಡ್ಡಮ್ಮಂಗೆ ಗೊತ್ತಿಲ್ಲ, ಗಂಡಸರು ಮಾತಾಡ್ಕೊಂಡ್ರು.’

ಅವರದ್ದಕ್ಕಿಂತ ಜಾಸ್ತಿ ಚಿಕ್ಕದೇನಾಗಿಲ್ಲ ಅಂತೀರಾ, ಹೌದು. ಘಟನೆ ಇರೋ ಕಡೆ ಸಾರಾಂಶ ಜಾಸ್ತಿ ಕುಗ್ಗಲ್ಲ. ಕುಗ್ಗೋದು ಮಾತು ರಿಪೀಟ್ ಆದ ಕಡೆ, ಆರೋಗ್ಯದ ಮಾತಲ್ಲಿ, ಮಧ್ಯ ಬೆಕ್ಕು ಓಡಿಸಿದ ಕಡೆ. 17 ನಿಮಿಷ ಕೊನೆಗೆ ಒಂದೂವರೆ ಪುಟ ಆಯ್ತು.

ಇಸವಿ ಹಾಕುವಾಗ

ಆ 1964 ಹೆಂಗೆ ಬಂತು ಅಂದ್ರೆ, ಸಂವತ್ಸರ 60 ವರ್ಷಕ್ಕೊಂದ್ಸಲ ತಿರುಗಿ ಬರುತ್ತೆ, 2024ರ ಯುಗಾದಿಗೆ ಶುರುವಾಗಿದ್ದು ಕ್ರೋಧಿ, ಹಾಗಾದ್ರೆ ಅದರ ಹಿಂದಿನದು 1964ರ ಯುಗಾದಿಯಿಂದ 1965ರ ಯುಗಾದಿವರೆಗೆ. ಮಳೆಗಾಲಕ್ಕೆ ಮುಂಚೆ ಅಂದಿದ್ರಿಂದ ಶುರುವಿನ ಎರಡ್ಮೂರು ತಿಂಗಳು. ಲಿಂಗನಮಕ್ಕಿ ಡ್ಯಾಂ ಮುಗಿದಿದ್ದೂ 1964ರಲ್ಲೇ, ಹೊಂದುತ್ತೆ.

ಆದ್ರೆ ಇನ್ನೊಂದು ಕಡೆ, 11:20ರಲ್ಲಿ, ‘ಡ್ಯಾಂ ಕಟ್ಟುವಾಗ ಅಪ್ಪಯ್ಯ ಕಲ್ಲಿನ ಕೆಲಸಕ್ಕೆ ಹೋಗ್ತಿದ್ರಂತೆ’ ಅಂದಿದಾರೆ. ಕಸಿನ್ ಇದನ್ನೂ ಲಿಂಗನಮಕ್ಕಿಗೆ ಸೇರಿಸಿದ್ದ. ಅದಕ್ಕಿಂತ ಮುಂಚೆ ಅದೇ ಹೊಳೆಗೆ ಮಡೆನೂರು ಹತ್ರ ಹಿರೇಭಾಸ್ಕರ ಡ್ಯಾಂ ಇತ್ತು, 1940ರ ದಶಕದಲ್ಲಿ ಕಟ್ಟಿದ್ದು, ಜೋಗದಲ್ಲಿ ಕರೆಂಟ್ ಶುರುವಾಗಿದ್ದು 1948ರಲ್ಲಿ, ಆಮೇಲೆ ಲಿಂಗನಮಕ್ಕಿ ನೀರಲ್ಲಿ ಆ ಡ್ಯಾಮೇ ಮುಳುಗಿ ಹೋಯ್ತು, ನೀರು ತೀರಾ ಇಳಿದ ಬೇಸಿಗೇಲಿ ಈಗ್ಲೂ ಕಾಣ್ಸುತ್ತೆ. ಅಪ್ಪ ಎಲ್ಲಿಗೆ ಕೆಲಸಕ್ಕೆ ಹೋಗ್ತಾರೆ ಅಂತ 1964ರಲ್ಲಿ ಮದುವೆಯಾಗಿದ್ದ ಮಗಳಿಗೆ ನೇರವಾಗೇ ಗೊತ್ತಿರುತ್ತೆ, ‘ಹೋಗ್ತಿದ್ರಂತೆ’ ಅನ್ನೋದು ತಾನು ತೀರಾ ಚಿಕ್ಕವಳಿದ್ದಾಗಿನ ಮಾತು. ಇದು ನನ್ನ ಊಹೆ, ಹಾಗಾಗಿ ಸಾರಾಂಶದಲ್ಲಿ ‘ಡ್ಯಾಂ (ಯಾವುದು ಅಂತ ಕೇಳ್ಬೇಕು)’ ಅಂತಷ್ಟೇ ಬರ್ದೆ.

ಸೀನಣ್ಣನ ಶಾಲೆ ಸರ್ಟಿಫಿಕೇಟ್ ನೋಡಿ ತಾರೀಕು ಹಾಕೋಣ ಅಂತ ಒಬ್ರು ಸಲಹೆ ಕೊಟ್ರು. ಆ ಕಾಲದ ಎಷ್ಟೋ ಸರ್ಟಿಫಿಕೇಟಲ್ಲಿರೋದು ಮಗು ಹುಟ್ಟಿದ ದಿನ ಅಲ್ಲ, ಸೇರಿಸ್ಕೊಳ್ಳುವಾಗ ಮೇಷ್ಟ್ರು ಅಂದಾಜಲ್ಲಿ ಬರ್ದಿದ್ದು, ಹಾಗಾಗಿ ಅದನ್ನ ಬಿಟ್ಟೆ. ಅಳತೆನೂ ಹಂಗೇ, ‘ಎರಡು ಖಂಡುಗದ ಗದ್ದೆ’ ಅಂದ್ರೆ ಎರಡು ಖಂಡುಗ ಬೀಜ ಬೀಳೋ ಗದ್ದೆ, ಅದು ಊರಿಂದ ಊರಿಗೆ ಬದಲಾಗುತ್ತೆ, ಎಕರೆ ಮಾಡೋಕೆ ಹೋಗ್ಬೇಡಿ.

ವಾಪಸ್ ಓದಿ ಹೇಳೋದು

ಪ್ರಶ್ನೆ ನಾಲ್ಕೇ ಇಟ್ಕೊಳ್ಳಿ, ಸುಸ್ತಾಗುತ್ತೆ ಅವರಿಗೆ. ಉತ್ತರ ಪ್ರಶ್ನೆ ಒಳಗೇ ಇರಬಾರ್ದು. ‘ಅದು ಮಡೆನೂರು ಡ್ಯಾಮೇ ಅಲ್ವಾ ದೊಡ್ಡಮ್ಮ’ ಅಂದ್ರೆ ‘ಹ್ಞೂಂ’ ಅಂದ್ಬಿಡ್ತಾರೆ. ನಾನು ‘ಅಪ್ಪಯ್ಯ ಡ್ಯಾಂ ಕೆಲಸಕ್ಕೆ ಹೋಗುವಾಗ ನೀವು ಎಲ್ಲಿದ್ರಿ’ ಅಂತ ಕೇಳ್ದೆ. ‘ನಾನೆಲ್ಲಿ, ತೊಟ್ಲಲ್ಲಿ’ ಅಂದ್ರು.

ಗ್ರೂಪಿಗೆ ಹಾಕೋ ಮುಂಚೆ ಪೂರ್ತಿ ಓದಿ ಹೇಳಿ, ಯಾವುದು ಬೇಡ ಅಂತ ಕೇಳಿ. ಆಸ್ತಿ ಪಾಲಿನ ಬಗ್ಗೆ ಎರಡು ನಿಮಿಷ ಮಾತಾಡಿದ್ರು, ‘ಅದು ನಿಂಗೆ ಹೇಳಿದ್ದು, ಎಲ್ರಿಗೂ ಅಲ್ಲ’ ಅಂದ್ರು. ಆ ಜಾಗದಲ್ಲಿ ‘13:00ರಿಂದ 15:00 ದೊಡ್ಡಮ್ಮನ ಮಾತಿನ ಮೇಲೆ ಬಿಟ್ಟಿದೆ’ ಅಂತ ಬರ್ದೆ, ಸುಮ್ನೆ ಅಳಿಸಿ ಹಾಕ್ಲಿಲ್ಲ.

ಎಮ್ಮೆ ಸಾಲಿಗೆ ಬಂದಾಗ ನಿಲ್ಲಿಸಿದ್ರು. ‘ಎಮ್ಮೆ ಅಂತ ಬರ್ದಿದೀಯಾ? ಗೌರಿ ಅಂತ ಬರಿ, ಅದಕ್ಕೂ ಹೆಸರಿತ್ತು.’